ಹಟ್ಟಿ ಗಣಿಯ ಮರ 2 ಲಕ್ಷ ವರ್ಷ ಹಳೆಯದೇ? ಕಾರ್ಬನ್ ಡೇಟಿಂಗ್ ಲೆಕ್ಕವನ್ನು ನಿಮ್ಮ ಮೊಬೈಲ್‌ನಲ್ಲೇ ಮಾಡಿ ನೋಡಿ

ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪ್‌ನ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ, ‘ಇದು ಖರೇ ಐತೇನ್ರಿ?’ ಎಂದು ಕೇಳಿದ್ದರು. ಸಂದೇಶದ ಸಾರ ಇಷ್ಟು: ಹಟ್ಟಿ ಚಿನ್ನದ ಗಣಿಯ ಆಳದಲ್ಲಿ ಸಿಕ್ಕ ಮರದ ತುಂಡು 2 ಲಕ್ಷ ವರ್ಷ ಹಳೆಯದು, ಇದು ಕಾರ್ಬನ್ ಡೇಟಿಂಗ್‌ನಿಂದ ಸಾಬೀತಾಗಿದೆ, ನಮ್ಮವರು ಆಗಲೇ ಚಿನ್ನ ತೆಗೆಯುತ್ತಿದ್ದರು, ಎಲ್ಲರಿಗೂ ತಿಳಿಸಿ.

ಓದುಗರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದರು. ಅವರ ಗ್ರೂಪ್‌ನಲ್ಲಿ ಒಬ್ಬರು ‘ಕಾರ್ಬನ್ ಡೇಟಿಂಗ್‌ನಿಂದ 50 ಸಾವಿರ ವರ್ಷಕ್ಕಿಂತ ಹಳೆಯದನ್ನು ಹೇಳೋಕೆ ಆಗಲ್ಲ’ ಎಂದರಂತೆ. ಅದಕ್ಕೆ ಮತ್ತೊಬ್ಬರು, ‘ಹಂಗಾದ್ರೆ ಆ ಪರೀಕ್ಷೆನೇ ಸುಳ್ಳು, 2 ಸಾವಿರ ವರ್ಷ ಅಂತ ಹೇಳೋದನ್ನೂ ನಂಬಬ್ಯಾಡ್ರಿ’ ಎಂದರಂತೆ.

ಮೊದಲು ಉತ್ತರ ಹೇಳಿಬಿಡುತ್ತೇವೆ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಮರ ಸಿಕ್ಕಿದ್ದು ನಿಜ. ಅದನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಒಳಪಡಿಸಿದ್ದೂ ನಿಜ. ಆದರೆ ಬಂದ ವಯಸ್ಸು ಸುಮಾರು 2 ಸಾವಿರ ವರ್ಷ, 2 ಲಕ್ಷ ಅಲ್ಲ. ಕಾರ್ಬನ್ ಡೇಟಿಂಗ್‌ನಿಂದ 2 ಲಕ್ಷ ವರ್ಷ ಎಂಬ ಉತ್ತರ ಬರಲು ಸಾಧ್ಯವೇ ಇಲ್ಲ. ಹಾಗೆಂದು ಆ ಪರೀಕ್ಷೆ ಸುಳ್ಳೂ ಅಲ್ಲ. ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮರದೊಳಗಿನ ಗಡಿಯಾರ

ಗಾಳಿಯಲ್ಲಿರುವ ಇಂಗಾಲದಲ್ಲಿ, ಅಂದರೆ ಕಾರ್ಬನ್‌ನಲ್ಲಿ, ಬಹುಪಾಲು ಸಾಮಾನ್ಯ ಕಾರ್ಬನ್-12. ತೀರಾ ಅಪರೂಪಕ್ಕೆ, ಸುಮಾರು ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ, ಕಾರ್ಬನ್-14 ಇರುತ್ತದೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ ಅಲ್ಲಿನ ನೈಟ್ರೋಜನ್‌ನಿಂದ ಇದು ಹುಟ್ಟುತ್ತಲೇ ಇರುತ್ತದೆ. ಮರ ಗಾಳಿಯಿಂದ ಇಂಗಾಲ ತೆಗೆದುಕೊಂಡು ಬೆಳೆಯುವಾಗ ಈ ಕಾರ್ಬನ್-14 ಕೂಡ ಅದರ ಮೈಗೆ ಸೇರುತ್ತದೆ.

ಮರ ಸತ್ತ ಮೇಲೆ ಹೊಸ ಇಂಗಾಲ ಒಳಗೆ ಬರುವುದು ನಿಲ್ಲುತ್ತದೆ. ಆದರೆ ಒಳಗಿರುವ ಕಾರ್ಬನ್-14 ಸುಮ್ಮನೆ ಕೂರುವುದಿಲ್ಲ. ಒಂದೊಂದಾಗಿ ಒಡೆದು ಮತ್ತೆ ನೈಟ್ರೋಜನ್ ಆಗುತ್ತಾ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅದರಲ್ಲಿ ಅರ್ಧ ಖಾಲಿ. ಇನ್ನೊಂದು 5,730 ವರ್ಷ ಕಳೆದರೆ ಉಳಿದದ್ದರಲ್ಲಿ ಅರ್ಧ ಖಾಲಿ. ಇದನ್ನೇ ಅರ್ಧಾಯು ಎನ್ನುತ್ತಾರೆ. ಬಿಸಿಲು, ಮಳೆ, ಗಣಿಯ ಆಳದ ಒತ್ತಡ ಯಾವುದಕ್ಕೂ ಈ ವೇಗ ಬದಲಾಗುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಕಾಲ ಆಯಿತು ಎಂದು ಹೇಳಬಹುದು. ಈ ವಿಧಾನವನ್ನು ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು 1940ರ ದಶಕದ ಕೊನೆಗೆ ರೂಪಿಸಿದರು. ಇದಕ್ಕಾಗಿ ಲಿಬ್ಬಿ ಅವರಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಇಲ್ಲಿಯೇ ಒಂದು ಮಾತು ಗಮನಿಸಿ. ಈ ಗಡಿಯಾರ ಇರುವುದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುವಿನಲ್ಲಿ ಮಾತ್ರ. ಮರ, ಇದ್ದಿಲು, ಮೂಳೆ, ಸುಟ್ಟ ಕಾಳು ಇವುಗಳಿಗೆ ಸರಿ. ಹಟ್ಟಿಯ ಚಿನ್ನಕ್ಕೂ ಬಂಡೆಗೂ ಇದು ಅನ್ವಯಿಸುವುದಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಪತ್ತೆಯಾದ ಅಶೋಕನ ಶಾಸನದ ಕಾಲವನ್ನೂ ಯಾರೂ ಕಾರ್ಬನ್ ಡೇಟಿಂಗ್‌ನಿಂದ ಹೇಳಿಲ್ಲ. ಕಲ್ಲು ಉಸಿರಾಡಿಲ್ಲ. ಅಲ್ಲಿ ಕೊರೆದಿರುವ ರಾಜನ ಹೆಸರು ಮತ್ತು ಲಿಪಿಯಿಂದಲೇ ಕಾಲ ಗೊತ್ತಾಗಿದ್ದು.

ಈಗ ಲೆಕ್ಕ

ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕೆ ಇಳಿದು ಚಿನ್ನದ ಅದಿರು ತೆಗೆದಿದ್ದಾರೆ. ಅಂಥ ಹಳೆಯ ಸುರಂಗದಲ್ಲಿ ಉಳಿದ ಒಂದು ಮರದ ತುಂಡು ನಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಕೆಳಗಿನ ಅಂಕಿ ಲೆಕ್ಕ ತಿಳಿಸಲು ನಾವೇ ಇಟ್ಟುಕೊಂಡ ಉದಾಹರಣೆ. ಹಟ್ಟಿಯ ಮರಕ್ಕೆ ಬಂದ ವಯಸ್ಸಿನ ಆಸುಪಾಸಿಗೆ ಬರುವಂತೆ ಅದನ್ನು ಆರಿಸಿದ್ದೇವೆ.

ಪ್ರಯೋಗಾಲಯದಲ್ಲಿ ಮರವನ್ನು ಶುಚಿ ಮಾಡಿ, ಅದರಿಂದ ಶುದ್ಧ ಇಂಗಾಲ ಬೇರ್ಪಡಿಸುತ್ತಾರೆ. ಅದರಲ್ಲಿ ಕಾರ್ಬನ್-14 ಒಡೆಯುವಾಗಲೆಲ್ಲ ಹೊರಬೀಳುವ ಕಣವನ್ನು ಯಂತ್ರ ಎಣಿಸುತ್ತದೆ. ಆಗಷ್ಟೇ ಕಡಿದ ಮರದ 1 ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 13.6 ಪರಮಾಣು ಒಡೆಯುತ್ತವೆ ಎಂಬುದು ಲೆಕ್ಕಕ್ಕೆ ಬಳಸುವ ಅಳತೆ. ನಮ್ಮ ತುಂಡಿನಲ್ಲಿ ನಿಮಿಷಕ್ಕೆ 10.7 ಮಾತ್ರ ಎಣಿಕೆಗೆ ಸಿಕ್ಕವು ಎಂದುಕೊಳ್ಳೋಣ.

ಮೊಬೈಲ್ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ `ln` ಎಂಬ ಬಟನ್ ಕಾಣಿಸುತ್ತದೆ. ಸೂತ್ರ ಇಷ್ಟೇ:

```
t = 8033 × ln(13.6 ÷ 10.7)
```

13.6 ಅನ್ನು 10.7ರಿಂದ ಭಾಗಿಸಿದರೆ 1.271. ಅದರ `ln` 0.2398. ಅದನ್ನು 8033ರಿಂದ ಗುಣಿಸಿದರೆ 1,926. ಅಂದರೆ ನಮ್ಮ ಮರದ ರೇಡಿಯೋಕಾರ್ಬನ್ ವಯಸ್ಸು ಸುಮಾರು 1,926 ವರ್ಷ.

ಈ 8033 ಎಲ್ಲಿಂದ ಬಂತು? ಲಿಬ್ಬಿ ತಮ್ಮ ಕಾಲದಲ್ಲಿ ಅರ್ಧಾಯುವನ್ನು 5,568 ವರ್ಷ ಎಂದು ಅಳೆದಿದ್ದರು. ಅದರಿಂದ ಬರುವ ಸಂಖ್ಯೆ ಇದು. ಆಮೇಲೆ 5,730 ಹೆಚ್ಚು ಸರಿ ಎಂದು ಗೊತ್ತಾಯಿತು. ಆದರೆ ಹಳೆಯ ವರದಿ, ಹೊಸ ವರದಿ ಒಂದಕ್ಕೊಂದು ಹೋಲಿಸಲು ಬರಲಿ ಎಂದು ಜಗತ್ತಿನ ಪ್ರಯೋಗಾಲಯಗಳೆಲ್ಲ ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡಿವೆ. ಆ ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿ ಸರಿಹೋಗುತ್ತದೆ.

ಆ ಹೆಜ್ಜೆ ಏನೆಂದರೆ, ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಅದಕ್ಕೇ ಉಂಗುರ ಎಣಿಸಿ ವಯಸ್ಸು ತಿಳಿದಿರುವ ಮರಗಳನ್ನು ಅಳೆದು, ಹೋಲಿಕೆಯ ಪಟ್ಟಿ ಮಾಡಿಟ್ಟಿದ್ದಾರೆ. ನಮ್ಮ 1,926ನ್ನು ಆ ಪಟ್ಟಿಗೆ ಹೋಲಿಸಿದರೆ ಕ್ರಿ.ಶ. ಮೊದಲ ಎರಡು ಶತಮಾನಗಳ ಆಸುಪಾಸು ಬರುತ್ತದೆ. ವರದಿಯಲ್ಲಿ ವಯಸ್ಸಿನ ಪಕ್ಕ `BP` ಎಂದಿದ್ದರೆ ಅದು 1950ರಿಂದ ಹಿಂದಕ್ಕೆ ಎಣಿಸಿದ ವರ್ಷ ಎಂದರ್ಥ, ಇವತ್ತಿನಿಂದ ಅಲ್ಲ.

ವಯಸ್ಸಿನ ಪಕ್ಕದ ‘ಹೆಚ್ಚು-ಕಡಿಮೆ’

ಪರಮಾಣು ಒಡೆಯುವುದು ಗಡಿಯಾರದ ಮುಳ್ಳಿನಂತೆ ಟಿಕ್ ಟಿಕ್ ಎಂದಲ್ಲ. ಮಳೆ ಹನಿ ಬಿದ್ದಂತೆ, ಒಂದು ನಿಮಿಷ 8, ಇನ್ನೊಂದು ನಿಮಿಷ 14. ಸರಾಸರಿ ಸಿಗಬೇಕಾದರೆ ತುಂಬಾ ಹೊತ್ತು ಎಣಿಸಬೇಕು. 10,000 ಎಣಿಕೆ ಆದರೆ ತಪ್ಪು ಸುಮಾರು ಶೇ 1ಕ್ಕೆ ಇಳಿಯುತ್ತದೆ. ಶೇ 1 ತಪ್ಪು ಎಂದರೆ ವಯಸ್ಸಿನಲ್ಲಿ ಸುಮಾರು 80 ವರ್ಷ. ನಿಮಿಷಕ್ಕೆ 10.7ರಂತೆ 10,000 ಎಣಿಸಲು ಸುಮಾರು ಹದಿನೈದೂವರೆ ತಾಸು ಬೇಕು. ಹಾಗಾಗಿ ನಮ್ಮ ವರದಿ ‘1,926 ± 80’ ಎಂದು ಇರುತ್ತದೆ. ಈ ± ಚಿಹ್ನೆ ಇಲ್ಲದೆ, ‘ಸರಿಯಾಗಿ ಇಷ್ಟೇ ವರ್ಷ’ ಎಂದು ಹೇಳುವ ಫಾರ್ವರ್ಡ್ ಕಂಡರೆ ಸ್ವಲ್ಪ ನಿಧಾನಿಸಿ.

ಇನ್ನೊಂದು ಮಿತಿಯೂ ಇದೆ. ಪರೀಕ್ಷೆ ಹೇಳುವುದು ಆ ಕಟ್ಟಿಗೆಯ ಭಾಗ ಯಾವಾಗ ಬೆಳೆಯಿತು ಎಂಬುದನ್ನು. ಗಣಿಗೆ ಯಾವಾಗ ಇಳಿಸಿದರು ಎಂಬುದನ್ನಲ್ಲ. 200 ವರ್ಷ ಬದುಕಿದ ಮರದ ನಡುವಿನ ತಿರುಳು, ಮರ ಕಡಿದ ದಿನಕ್ಕೇ 200 ವರ್ಷ ಹಳೆಯದಾಗಿರುತ್ತದೆ. ಹಾಗಾಗಿ ಮಾದರಿ ತೊಗಟೆಯ ಹತ್ತಿರದ್ದೋ ತಿರುಳಿನದ್ದೋ ಎಂದು ಕೇಳುವುದು ಮುಖ್ಯ.

2 ಲಕ್ಷ ವರ್ಷ ಯಾಕೆ ಬರುವುದಿಲ್ಲ?

ಈಗ ಫಾರ್ವರ್ಡ್‌ನ ಮಾತನ್ನೇ ನಿಜ ಎಂದುಕೊಂಡು ಲೆಕ್ಕ ಹಾಕೋಣ. ಆಗಷ್ಟೇ ಕಡಿದ ಮರದ 1 ಗ್ರಾಂ ಇಂಗಾಲದಲ್ಲಿ ಸುಮಾರು 5,900 ಕೋಟಿ ಕಾರ್ಬನ್-14 ಪರಮಾಣುಗಳು ಇರುತ್ತವೆ. ದೊಡ್ಡ ಸಂಖ್ಯೆ. ಆದರೆ ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ.

10 ಸಲ ಅರ್ಧ ಮಾಡಿದರೆ, ಅಂದರೆ 57,300 ವರ್ಷ ಕಳೆದರೆ, ಮೊದಲಿದ್ದದ್ದರಲ್ಲಿ 1,024ರಲ್ಲಿ ಒಂದು ಭಾಗ ಉಳಿಯುತ್ತದೆ. ಆಗ ನಿಮಿಷಕ್ಕೆ 13.6 ಅಲ್ಲ, ಸುಮಾರು 75 ನಿಮಿಷಕ್ಕೆ ಒಂದು ಪರಮಾಣು ಒಡೆಯುತ್ತದೆ. ಮೊದಲಿನಂತೆ 10,000 ಎಣಿಸಬೇಕೆಂದರೆ ಯಂತ್ರವನ್ನು ಸುಮಾರು 520 ದಿನ ನಡೆಸಬೇಕು. ಅಷ್ಟರಲ್ಲಿ ಬಾಹ್ಯಾಕಾಶದ ಕಿರಣಗಳು, ಸುತ್ತಲಿನ ಗೋಡೆಯ ಸಹಜ ವಿಕಿರಣ ಎಲ್ಲವೂ ಯಂತ್ರಕ್ಕೆ ತಾಗಿ ಸುಳ್ಳು ಎಣಿಕೆ ಕೊಡುತ್ತಿರುತ್ತವೆ. ಸೀಸ, ಉಕ್ಕಿನ ಗೋಡೆ ಕಟ್ಟಿ ಎಷ್ಟು ತಡೆದರೂ ಒಂದಿಷ್ಟು ನುಸುಳುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬರು ಪಿಸುಗುಟ್ಟಿದರೆ ಕೇಳಿಸಿಕೊಂಡಂತೆ ಇದು.

2 ಲಕ್ಷ ವರ್ಷಕ್ಕೆ ಹೋಗೋಣ. 2,00,000ವನ್ನು 5,730ರಿಂದ ಭಾಗಿಸಿದರೆ ಸುಮಾರು 35. ಅಂದರೆ 5,900 ಕೋಟಿಯನ್ನು 35 ಸಲ ಅರ್ಧ ಮಾಡಬೇಕು. ಕ್ಯಾಲ್ಕುಲೇಟರ್‌ನಲ್ಲಿ 2ರಿಂದ ಭಾಗಿಸುತ್ತಾ ಹೋಗಿ. ಕೊನೆಗೆ ಉಳಿಯುವುದು ಎರಡಕ್ಕಿಂತ ಕಡಿಮೆ. ಇಡೀ 1 ಗ್ರಾಂ ಇಂಗಾಲದಲ್ಲಿ ಒಂದೋ ಎರಡೋ ಪರಮಾಣು! ಅದು ಒಡೆಯುವುದನ್ನು ನೋಡಬೇಕೆಂದರೆ ಸರಾಸರಿ ನಾಲ್ಕೂವರೆ ಸಾವಿರ ವರ್ಷ ಯಂತ್ರದ ಮುಂದೆ ಕಾಯಬೇಕು.

ಆದ್ದರಿಂದ 2 ಲಕ್ಷ ವರ್ಷದ ಮರವೂ 20 ಲಕ್ಷ ವರ್ಷದ ಮರವೂ ಈ ಪರೀಕ್ಷೆಗೆ ಒಂದೇ. ಎರಡರಲ್ಲೂ ಏನೂ ಉಳಿದಿಲ್ಲ. ‘ಖಾಲಿ’ ಎನ್ನಬಹುದೇ ಹೊರತು, ‘ಎಷ್ಟು ವರ್ಷದ ಹಿಂದೆ ಖಾಲಿಯಾಯಿತು’ ಎನ್ನಲು ಬರುವುದಿಲ್ಲ. ಬಿಸಿಲಿಗಿಟ್ಟ ತಟ್ಟೆಯ ನೀರು ಪೂರ್ತಿ ಆರಿದ ಮೇಲೆ, ಅದು ನಿನ್ನೆ ಆರಿತೋ ಹೋದ ವಾರ ಆರಿತೋ ಎಂದು ತಟ್ಟೆ ನೋಡಿ ಹೇಳಲಾಗದು.

ಈಗಿನ ಹೊಸ ಯಂತ್ರಗಳು ಒಡೆಯುವುದನ್ನು ಕಾಯುವುದಿಲ್ಲ. ಎ.ಎಂ.ಎಸ್. ಎಂಬ ಈ ವಿಧಾನದಲ್ಲಿ ಕಾರ್ಬನ್-14 ಪರಮಾಣುಗಳನ್ನೇ ಬೇರ್ಪಡಿಸಿ ನೇರವಾಗಿ ಎಣಿಸುತ್ತಾರೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಇಂಥ ಯಂತ್ರವಿದೆ. ಗ್ರಾಂಗಟ್ಟಲೆ ಇಂಗಾಲ ಬೇಡ, ಒಂದು ಮಿಲಿಗ್ರಾಂನಷ್ಟಿದ್ದರೆ ಸಾಕು. ಆದರೂ ಸುಮಾರು 50 ಸಾವಿರ ವರ್ಷದ ಗಡಿ ಹೆಚ್ಚು ಮುಂದಕ್ಕೆ ಹೋಗಿಲ್ಲ. ಅದಕ್ಕೆ ಕಾರಣ ಯಂತ್ರವಲ್ಲ, ಕೊಳೆ.

ಚಿಟಿಕೆಯಷ್ಟು ಕೊಳೆ ಏನು ಮಾಡುತ್ತದೆ

ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಕಾರ್ಬನ್-14 ಸೊನ್ನೆ. ಅದಕ್ಕೆ ಹೊಸ ಬೇರಿನ ಎಳೆ, ಮಣ್ಣಿನ ಕೊಳೆತ ಎಲೆಯ ರಸ, ಕೈಯ ಜಿಡ್ಡು, ಹೇಗೋ ಶೇ 1ರಷ್ಟು ಹೊಸ ಇಂಗಾಲ ಸೇರಿತು ಎಂದುಕೊಳ್ಳಿ. ಯಂತ್ರಕ್ಕೆ ಕಾಣುವುದು ‘ಹೊಸ ಮರದ ನೂರರಲ್ಲಿ ಒಂದು ಭಾಗ’. ಸೂತ್ರಕ್ಕೆ ಹಾಕಿ:

```
t = 8033 × ln(100)
```

ಉತ್ತರ ಸುಮಾರು 37,000 ವರ್ಷ. ಕೋಟಿ ವರ್ಷದ ಕಲ್ಲಿದ್ದಲು 37 ಸಾವಿರ ವರ್ಷದ್ದು ಎಂದು ವರದಿ ಬಂತು! ಕೊಳೆಯನ್ನು ಶೇ 0.1ಕ್ಕೆ ಇಳಿಸಿದರೂ, ಅಂದರೆ ಸಾವಿರದಲ್ಲಿ ಒಂದು ಭಾಗ ಮಾತ್ರ ಉಳಿದರೂ, ಉತ್ತರ ಸುಮಾರು 55,500. ಯಾವ ಪ್ರಯೋಗಾಲಯವೂ ಕೊಳೆಯನ್ನು ಪೂರ್ತಿ ಸೊನ್ನೆ ಮಾಡಲಾರದು. ಹಾಗಾಗಿ ಉತ್ತರ ಈ ಗಡಿಯಲ್ಲೇ ನಿಂತುಬಿಡುತ್ತದೆ.

ಈಗ ಅದೇ ಶೇ 1 ಕೊಳೆಯನ್ನು ನಮ್ಮ ಹಟ್ಟಿ ಮರದ ಉದಾಹರಣೆಗೆ ಸೇರಿಸಿ ನೋಡಿ. ಅದರಲ್ಲಿ ಇನ್ನೂ ಶೇ 78ಕ್ಕಿಂತ ಹೆಚ್ಚು ಕಾರ್ಬನ್-14 ಉಳಿದಿದೆ. ಚಿಟಿಕೆ ಕೊಳೆ ಸೇರಿದರೆ ವಯಸ್ಸು 1,926ರಿಂದ ಸುಮಾರು 1,905ಕ್ಕೆ ಇಳಿಯುತ್ತದೆ. ಬರೀ 20 ವರ್ಷದಷ್ಟು ವ್ಯತ್ಯಾಸ. ± 80ರೊಳಗೇ ಅದು ಮುಚ್ಚಿಹೋಗುತ್ತದೆ.

ಗ್ರೂಪ್‌ನಲ್ಲಿ ‘ಹಂಗಾದ್ರೆ ಪರೀಕ್ಷೆನೇ ಸುಳ್ಳು’ ಎಂದವರಿಗೆ ಉತ್ತರ ಇದೇ. ತುಂಬಾ ಹಳೆಯ ವಸ್ತುವಿನ ಮೇಲೆ ಈ ಪರೀಕ್ಷೆ ಸೋಲುವ ಕಾರಣವೇ, 2 ಸಾವಿರ ವರ್ಷದ ಮರದ ಮೇಲೆ ಅದು ಯಾಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೂ ಹೇಳುತ್ತದೆ. ಅಡುಗೆಮನೆಯ ತಕ್ಕಡಿ ಲಾರಿ ತೂಗಲಾರದು ಎಂದು, ಅದು ತೂಗಿದ ಸಕ್ಕರೆಯೂ ಸುಳ್ಳಾಗುವುದಿಲ್ಲ.

ಕೊಳೆ ತೆಗೆಯಲು ಪ್ರಯೋಗಾಲಯದವರು ಮಾದರಿಯನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ, ಮತ್ತೆ ಆಮ್ಲದಲ್ಲಿ ತೊಳೆಯುತ್ತಾರೆ. ಸುಣ್ಣದ ಅಂಶ, ಮಣ್ಣಿನ ರಸ, ಕೊನೆಗೆ ತೊಳೆಯುವಾಗ ಗಾಳಿಯಿಂದ ಸೇರಿದ ಇಂಗಾಲ ಹೀಗೆ ಒಂದೊಂದಾಗಿ ಹೋಗುತ್ತವೆ. ತಮ್ಮ ಕೆಲಸ ಎಷ್ಟು ಶುದ್ಧ ಎಂದು ತಿಳಿಯಲು ಕಾರ್ಬನ್-14 ಇಲ್ಲವೇ ಇಲ್ಲ ಎಂದು ಗೊತ್ತಿರುವ ವಸ್ತುವನ್ನು, ಉದಾಹರಣೆಗೆ ಕಲ್ಲಿದ್ದಲನ್ನು, ಅದೇ ದಾರಿಯಲ್ಲಿ ಕಳಿಸಿ ಅಳೆಯುತ್ತಾರೆ. ಅಲ್ಲಿ ಬಂದ ಎಣಿಕೆ ಅವರ ಪ್ರಯೋಗಾಲಯದ ಕೊಳೆಯ ಪ್ರಮಾಣ. ನಿಮ್ಮ ಮಾದರಿಯ ಎಣಿಕೆಯೂ ಅಷ್ಟೇ ಇದ್ದರೆ, ವಯಸ್ಸು ಹೇಳುವುದಿಲ್ಲ. ‘45,000 ವರ್ಷಕ್ಕಿಂತ ಹಳೆಯದು’ ಎಂಬಂತೆ `>` ಚಿಹ್ನೆ ಹಾಕಿ ಬಿಡುತ್ತಾರೆ. ಅದನ್ನು ‘45,000 ವರ್ಷ’ ಎಂದು ಓದಬಾರದು. ಅಳತೆಪಟ್ಟಿ ಮುಗಿಯಿತು ಎಂದು ಓದಬೇಕು.

ಹಾಗಾದರೆ ಲಕ್ಷಗಟ್ಟಲೆ ವರ್ಷ ಎಂದು ಹೇಳುವುದು ಹೇಗೆ?

ಬೇರೆ ಗಡಿಯಾರಗಳಿವೆ. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇಸಾಂಪುರ ಎಂಬ ಜಾಗವಿದೆ. ಅಲ್ಲಿ ಆದಿಮಾನವರ ಕಲ್ಲಿನ ಉಪಕರಣಗಳ ಜತೆ ಸಿಕ್ಕ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದು ಹೇಳಿದ್ದಾರೆ. ಅದು ಕಾರ್ಬನ್ ಡೇಟಿಂಗ್ ಅಲ್ಲ. ಸುತ್ತಲಿನ ವಿಕಿರಣದಿಂದ ಹಲ್ಲಿನ ಗಟ್ಟಿ ಕವಚದಲ್ಲಿ ಲಕ್ಷಾಂತರ ವರ್ಷ ಸಿಕ್ಕಿಹಾಕಿಕೊಂಡು ಬಂದ ಎಲೆಕ್ಟ್ರಾನುಗಳನ್ನು ಅಳೆಯುವ ಇ.ಎಸ್.ಆರ್. ವಿಧಾನ. ಹಟ್ಟಿ ಸೀಮೆಯ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು ಎಂಬುದಕ್ಕೂ ಬೇರೆ ಅಳತೆ, ಯುರೇನಿಯಂ ಸೀಸವಾಗುವ ನಿಧಾನದ ಲೆಕ್ಕ.

ಹಟ್ಟಿಯ ಬಗ್ಗೆ ಬರುವ ಸಂದೇಶಗಳಲ್ಲಿ ಈ ಮೂರು ವಯಸ್ಸುಗಳು ಕಲಸಿಹೋಗುವುದು ಸುಲಭ. ಬಂಡೆಯ ವಯಸ್ಸು ಬೇರೆ, ಈ ಸೀಮೆಗೆ ಮನುಷ್ಯ ಬಂದ ಕಾಲ ಬೇರೆ, ಗಣಿಯಲ್ಲಿ ಉಳಿದ ಮರದ ವಯಸ್ಸು ಬೇರೆ.

ಫಾರ್ವರ್ಡ್ ಮಾಡುವ ಮೊದಲು

‘ಕಾರ್ಬನ್ ಡೇಟಿಂಗ್‌ನಿಂದ ಸಾಬೀತು’ ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಪರೀಕ್ಷಿಸಿದ ವಸ್ತು ಒಂದು ಕಾಲದಲ್ಲಿ ಜೀವ ಇದ್ದದ್ದೇ, ಅಥವಾ ಕಲ್ಲು, ಲೋಹವೇ? ಹೇಳಿದ ವಯಸ್ಸು 50 ಸಾವಿರದೊಳಗೆ ಇದೆಯೇ? ಪ್ರಯೋಗಾಲಯದ ಹೆಸರು ಮತ್ತು ± ಅಂಕಿ ಇದೆಯೇ? ಮೊದಲ ಎರಡರಲ್ಲಿ ಒಂದಕ್ಕೆ ‘ಇಲ್ಲ’ ಎಂದು ಬಂದರೂ ಸಂದೇಶ ಸುಳ್ಳು ಹೇಳುತ್ತಿದೆ. ಮೂರನೆಯದು ಇಲ್ಲದಿದ್ದರೆ ಅದನ್ನು ಪರಿಶೀಲಿಸಲು ದಾರಿಯೇ ಇಲ್ಲ. ಹಳೆಯ ಮರ, ಹಳೆಯ ವಿಗ್ರಹ ಎಂದು ‘ಕಾರ್ಬನ್ ಸರ್ಟಿಫಿಕೇಟ್’ ತೋರಿಸಿ ಯಾರಾದರೂ ದುಡ್ಡು ಕೇಳಿದರೂ ಇದೇ ಪ್ರಶ್ನೆಗಳನ್ನು ಕೇಳಿ.

ಆರ್.ಎಚ್. ಕ್ಯಾಂಪ್‌ನ ಓದುಗರಿಗೆ ನಾವು ಕಳಿಸಿದ ಉತ್ತರ ಚಿಕ್ಕದು: ಮರ ಖರೇ, ಪರೀಕ್ಷೆ ಖರೇ, 2 ಲಕ್ಷ ಸುಳ್ಳು. ಸುಮಾರು 2 ಸಾವಿರ ವರ್ಷದ ಹಿಂದೆ ಕರೆಂಟ್ ಇಲ್ಲ, ಡ್ರಿಲ್ ಇಲ್ಲ, ಮದ್ದುಗುಂಡು ಇಲ್ಲ. ಆಗ ಹಟ್ಟಿಯ ಬಂಡೆಯೊಳಗೆ ನೂರಾರು ಅಡಿ ಇಳಿದವರ ಕೆಲಸಕ್ಕೆ ಆ ಮರದ ತುಂಡು ಸಾಕ್ಷಿ. ಆ ಸಾಕ್ಷಿಯ ವಯಸ್ಸಿಗೆ ಎರಡು ಸೊನ್ನೆ ಜಾಸ್ತಿ ಸೇರಿಸಿದರೆ, ನಾಳೆ ಯಾರೋ ಅದನ್ನು ಸುಳ್ಳು ಎಂದು ತೋರಿಸುತ್ತಾರೆ. ಆಗ ನಿಜವಾದ 2 ಸಾವಿರ ವರ್ಷವನ್ನೂ ಜನ ನಂಬದೆ ಹೋಗುತ್ತಾರೆ.